ಡ್ಯೂಟಿ ಇರುವವರು ಮನೆ ನೋಡಲು ಬ್ರೋಕರ್ ಹತ್ತಿರ ಟೈಮ್ ಗಟ್ಟಿ ಮಾಡುವುದು ಹೇಗೆ? (ಮಂಗಳೂರು)

ಬಿಳಿ ಶೂ
ಎಲ್ಲರಿಗೂ ನಮಸ್ತೆ. ನಾನು ಕಂಕನಾಡಿ ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ಈಗ ಪಿಜಿಯಲ್ಲಿದ್ದೇನೆ. ಅಮ್ಮನನ್ನು ಕಾರ್ಕಳದಿಂದ ಕರೆದುಕೊಂಡು ಬರಬೇಕು ಅಂತ ಎರಡು ಬೆಡ್‌ರೂಮಿನ ಬಾಡಿಗೆ ಮನೆ ಹುಡುಕುತ್ತಿದ್ದೇನೆ. ಬಿಕರ್ನಕಟ್ಟೆ, ಕುಲಶೇಖರ, ಬಿಜೈ ಯಾವುದಾದರೂ ಆದೀತು.

ಮನೆಗಳು ಇಲ್ಲ ಅಂತಲ್ಲ. ನೋಡಲಿಕ್ಕೆ ಟೈಮೇ ಕೂಡಿ ಬರುತ್ತಿಲ್ಲ. ಮೂರು ಸಲ ಏನೇನಾಯಿತು ಹೇಳುತ್ತೇನೆ.

ಮೊದಲನೇ ಸಲ ಬ್ರೋಕರ್ "ಸಂಜೆ ಬನ್ನಿ ಅಕ್ಕ" ಅಂದರು. ನಾನು ಐದೂವರೆಗೆ ಬಿಜೈಯಲ್ಲಿ ಛತ್ರಿ ಹಿಡಿದು ನಿಂತೆ. ಅವರ ಸಂಜೆ ಏಳೂಕಾಲಕ್ಕೆ ಬಂತು. ಮನೆಯಲ್ಲಿ ಕರೆಂಟ್ ಇರಲಿಲ್ಲ, ಖಾಲಿ ಮನೆ ಅಂತ ಫ್ಯೂಸ್ ತೆಗೆದಿಟ್ಟಿದ್ದರಂತೆ. ಮೊಬೈಲ್ ಟಾರ್ಚಿನಲ್ಲಿ ಅಡುಗೆಮನೆ ನೋಡಿದೆ. ಏನು ನೋಡಿದೆ ಅಂತ ಈಗಲೂ ಗೊತ್ತಿಲ್ಲ.

ಎರಡನೇ ಸಲ ನೈಟ್ ಡ್ಯೂಟಿ ಮುಗಿಸಿ, ಮಲಗದೆ, 11 ಗಂಟೆಗೆ ಕುಲಶೇಖರಕ್ಕೆ ಹೋದೆ. ಕೀ ಓನರ್ ಹತ್ತಿರ, ಓನರ್ ಬೊಜ್ಜದ ಊಟಕ್ಕೆ ಮೂಡಬಿದಿರೆಗೆ ಹೋಗಿದ್ದಾರೆ. ಬ್ರೋಕರಿಗೂ ಅಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು.

ಮೂರನೇ ಸಲ ನಾನು ವಾರ್ಡಿನಲ್ಲಿದ್ದಾಗ ಮಧ್ಯಾಹ್ನ 12.40ಕ್ಕೆ ಫೋನ್. "ಈಗಲೇ ಬಂದರೆ ತೋರಿಸುತ್ತೇನೆ, ಬೇರೆ ಪಾರ್ಟಿ ಕಾಯ್ತಾ ಇದ್ದಾರೆ." ಹೋಗಲು ಆಗಲಿಲ್ಲ. ಮನೆ ಹೋಯಿತು.

ನನ್ನ ಡ್ಯೂಟಿ ಬೆಳಿಗ್ಗೆ 8ರಿಂದ 2, ಇಲ್ಲವೇ 2ರಿಂದ 8, ಇಲ್ಲವೇ ರಾತ್ರಿ 8ರಿಂದ ಬೆಳಿಗ್ಗೆ 8. ಮುಂದಿನ ವಾರದ ರೋಸ್ಟರ್ ಶನಿವಾರ ಸಿಗುತ್ತದೆ. ವಾರಕ್ಕೆ ಒಂದು ಆಫ್. ಇದರಲ್ಲಿ ಟೈಮ್ ಫಿಕ್ಸ್ ಮಾಡುವುದು ಹೇಗೆ ಮಾರಾಯ್ರೆ?

ಪಣಂಬೂರು ಗಾಳಿ
ಇದಕ್ಕೆಲ್ಲ ಇಷ್ಟು ತಲೆಬಿಸಿ ಯಾಕೆ. ಭಾನುವಾರ ಇಟ್ಟುಕೊಳ್ಳಿ. ಓನರ್ ಮನೆಯಲ್ಲಿರುತ್ತಾರೆ, ಬ್ರೋಕರ್ ಫ್ರೀ, ರೋಡ್ ಖಾಲಿ. ನಾನು ನೋಡಿದ ಎಲ್ಲ ಮನೆಯೂ ಭಾನುವಾರವೇ. ಇನ್ನೊಂದು ಮಾತು, ಈಗ ಆಟಿ. ಆಟಿಯಲ್ಲಿ ಯಾರು ಮನೆ ನೋಡುತ್ತಾರೆ? ಸೋಣ ಬರಲಿ, ಆಮೇಲೆ ಹುಡುಕಿ.

ಮೂರನೇ ಮಾಳಿಗೆ
ದಯವಿಟ್ಟು ಯಾರೂ ಈ ಭಾನುವಾರದ ಐಡಿಯಾ ಕೊಡಬೇಡಿ! ನಾನು ಖಾಲಿ ಮಾಡುತ್ತಿರುವ ಬಾಡಿಗೆದಾರಳು. ಮನೆಯಿಂದಲೇ ಕೆಲಸ. ನೋಟಿಸ್ ಕೊಟ್ಟ ದಿನದಿಂದ ಬ್ರೋಕರುಗಳು ಬೆಲ್ ಒತ್ತುತ್ತಲೇ ಇದ್ದಾರೆ. ಹೋದ ಭಾನುವಾರ 10ರಿಂದ 1ರೊಳಗೆ ಏಳು ಪಾರ್ಟಿ. ಒಬ್ಬರು ನನ್ನ ಕಪಾಟಿನ ಬಾಗಿಲು ತೆಗೆದು ನೋಡಿದರು. ನೀವು ಬ್ರೋಕರಿಗೆ ಖಡಾಖಂಡಿತ ಹೇಳಿ, ನಾನು ಒಳಗಿರುವಾಗ ನನ್ನ ಒಪ್ಪಿಗೆ ಇಲ್ಲದೆ ಬರಬೇಡಿ ಅಂತ.

ಬಿಳಿ ಶೂ
ಅಕ್ಕ, ನಾನು ಬೆಲ್ ಒತ್ತುವ ಕಡೆಯವಳು 🙂 ಹುಡುಕುತ್ತಿರುವವಳು ನಾನು. ಆದರೆ ನಿಮ್ಮದು ಕೇಳಿ ಪಾಪ ಅನಿಸಿತು.

ಮೂರನೇ ಮಾಳಿಗೆ
ಅಯ್ಯೋ, ಅರ್ಧ ಓದಿ ಬರೆದೆ. ಆದರೂ ಇರಲಿ, ನಿಮಗೂ ಗೊತ್ತಿರಬೇಕಾದ ವಿಷಯ.

ಬೀಗದ ಗೊಂಚಲು
ನಾನು ಕಾವೂರು, ಬೊಂದೇಲ್ ಕಡೆ 17 ವರ್ಷದಿಂದ ಮನೆ ತೋರಿಸುವವನು. ಬಿಕರ್ನಕಟ್ಟೆ ನನ್ನ ಏರಿಯಾ ಅಲ್ಲ, ಹಾಗಾಗಿ ಕಮಿಷನ್ನಿಗೆ ಬಂದ ಅಂತ ತಿಳಿಯಬೇಡಿ.

ತಂಗಿ, ನೀವು ಬ್ರೋಕರ್ ಹತ್ತಿರ ಟೈಮ್ ಕೇಳಿದಿರಿ. ಬ್ರೋಕರ್ ಹತ್ತಿರ ಟೈಮ್ ಇರುವುದಿಲ್ಲ. ಟೈಮ್ ಇರುವುದು ಕೀ ಹತ್ತಿರ. ನಿಮ್ಮ ಮೂರು ಸಲವೂ ತಪ್ಪಿದ್ದು ಕೀಯಿಂದಲೇ. ಬಿಜೈ ಮನೆಗೆ ಅವರು ಏಳೂಕಾಲಕ್ಕೆ ಬಂದರಲ್ಲ, ಕೀ ಇಟ್ಟುಕೊಂಡವರು ಅಂಗಡಿ ಮುಚ್ಚಿ ಬಂದದ್ದೇ ಅಷ್ಟೊತ್ತಿಗೆ ಇರಬೇಕು. ಕುಲಶೇಖರದ್ದು ನೀವೇ ಹೇಳಿದಿರಿ. 12.40ರ ಫೋನ್ ಕೂಡ ಅದೇ. ಯಾರೋ ಕೀ ತಂದು ಬಾಗಿಲು ತೆಗೆದಿದ್ದಾರೆ, ಆ ಅರ್ಧ ಗಂಟೆಯಲ್ಲಿ ಎಷ್ಟು ಪಾರ್ಟಿ ಸಿಗುತ್ತಾರೋ ಅಷ್ಟು ಜನರನ್ನು ಕರೆದಿದ್ದಾರೆ.

ಹಾಗಾಗಿ ಮನೆ ಚೆನ್ನಾಗಿದೆಯಾ ಅಂತ ಕೇಳುವ ಮೊದಲು ಇಷ್ಟು ಕೇಳಿ. ಕೀ ಯಾರ ಹತ್ತಿರ ಉಂಟು? ಒಳಗೆ ಜನ ಇದ್ದಾರಾ? ಖಾಲಿ ಮನೆಯಾದರೆ ಕರೆಂಟ್ ಉಂಟಾ? ಇದಕ್ಕೆ ಬ್ರೋಕರ್ ತಟ್ಟನೆ ಉತ್ತರ ಕೊಟ್ಟರೆ ಮನೆ ಅವರ ಕೈಯಲ್ಲಿದೆ. "ಕೇಳಿ ಹೇಳುತ್ತೇನೆ" ಅಂದರೆ ಮನೆ ಇನ್ನೊಬ್ಬ ಬ್ರೋಕರಿನದ್ದು, ಇವರು ನಡುವಿನವರು. ನಮ್ಮಲ್ಲಿ ಇದು ತುಂಬಾ ಸಾಮಾನ್ಯ. ನನ್ನ ಪಾರ್ಟಿ, ಅವನ ಮನೆ, ಕಮಿಷನ್ ಅರ್ಧ ಅರ್ಧ. ಅದರಲ್ಲಿ ತಪ್ಪೇನಿಲ್ಲ. ಆದರೆ ನಡುವಿನವರು ಹೇಳುವ "11 ಗಂಟೆ" ಅಂದರೆ "11 ಗಂಟೆಗೆ ಕೇಳಿ ನೋಡುತ್ತೇನೆ" ಅಂತ. ಇನ್ನೂ ಅನುಮಾನ ಇದ್ದರೆ ಎಷ್ಟನೇ ಮಾಳಿಗೆ, ಅಡುಗೆಮನೆ ಯಾವ ದಿಕ್ಕಿಗೆ ಅಂತ ಕೇಳಿ. ಆ ಮನೆಯೊಳಗೆ ಒಮ್ಮೆ ಕಾಲಿಟ್ಟವನಿಗೆ ಅದು ಗೊತ್ತಿರುತ್ತದೆ.

ಭಾನುವಾರದ ಬಗ್ಗೆ. ಗಾಳಿಯವರು ಹೇಳಿದ್ದು ಅರ್ಧ ಸರಿ. ಓನರ್ ಊರಲ್ಲಿರುತ್ತಾರೆ, ನಿಜ. ಆದರೆ ಬಿಕರ್ನಕಟ್ಟೆ, ಕುಲಶೇಖರ ಅಂದರೆ ಬೆಳಿಗ್ಗೆ ಎಷ್ಟೋ ಬಾಯಮ್ಮಂದಿರು ಪೂಜೆಗೆ ಇಗರ್ಜಿಗೆ ಹೋಗಿರುತ್ತಾರೆ, ಬಂದ ಮೇಲೆ ಅಡುಗೆ, ನೆಂಟರು. ಉಳಿದ ಹತ್ತರಿಂದ ಒಂದರೊಳಗೆ ಊರಿನ ಎಲ್ಲ ಕೆಲಸದವರೂ ಮನೆ ನೋಡಲು ಹೊರಡುತ್ತಾರೆ. ಆ ದಿನ ನಿಮಗೆ ಒಂದು ಮನೆಗೆ ಐದು ನಿಮಿಷ ಸಿಗುತ್ತದೆ. ನಿಮ್ಮ ಹಿಂದೆ ಇನ್ನೊಬ್ಬರು ಚಪ್ಪಲಿ ಕಳಚುತ್ತಿರುತ್ತಾರೆ.

ಶಿಫ್ಟಿನವರಿಗೆ ಒಂದು ಲಾಭ ಉಂಟು. ವಾರದ ನಡುವೆ ಮಧ್ಯಾಹ್ನ ಬ್ರೋಕರ್ ಕೈ ಖಾಲಿ. ಅದು ಆಫೀಸಿನವರಿಗೆ ಸಿಗುವ ಹೊತ್ತಲ್ಲ. ನಿಮಗೆ ಬೆಳಗಿನ ಡ್ಯೂಟಿ ಇದ್ದ ದಿನ ಅದು ಸಿಗುತ್ತದೆ.

ಪಣಂಬೂರು ಗಾಳಿ
ಸರಿ, ಭಾನುವಾರ ಬಿಟ್ಟೆ. ಆಟಿಯ ವಿಷಯ?

ಬೀಗದ ಗೊಂಚಲು
ಆಟಿಯಲ್ಲಿ ಹಾಲುಕ್ಕಿಸುವುದಿಲ್ಲ, ಸಾಮಾನು ಸಾಗಿಸುವುದಿಲ್ಲ. ನಮ್ಮ ಮನೆಯಲ್ಲೂ ಹಾಗೆಯೇ. ಆದರೆ ನೋಡಬಾರದು ಅಂತ ಯಾರು ಹೇಳಿದ್ದು? ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ನಮಗೆ ಫೋನೇ ಬರುವುದಿಲ್ಲ. ಈಗ ಕೇಳಿದರೆ ಒಂದು ಮನೆಗೆ ಅರ್ಧ ಗಂಟೆ ಕೊಡುತ್ತೇನೆ. ಸೋಣ ಶುರುವಾದ ಮೇಲೆ ಕೇಳಿದರೆ ಫೋನ್ ಎತ್ತಲಿಕ್ಕೂ ಪುರುಸೊತ್ತಿಲ್ಲ. ಜಡಿಮಳೆಯಲ್ಲಿ ನೋಡಿದರೆ ಯಾವ ಗೋಡೆ ಪಸೆ ಹಿಡಿದಿದೆ ಅಂತಲೂ ಕಾಣುತ್ತದೆ. ಜನವರಿಯಲ್ಲಿ ಪೇಂಟ್ ಹೊಡೆದ ಗೋಡೆ ಎಲ್ಲವೂ ಚಂದ. ಇದನ್ನು ನಾನು ಹೇಳಬಾರದು, ಹೇಳಿದೆ.

ಪಣಂಬೂರು ಗಾಳಿ
ಈಗ ನೋಡಿದರೂ ಸೋಣದವರೆಗೆ ಓನರ್ ಮನೆ ಹಿಡಿದಿಡುತ್ತಾರಾ? ಖಾಲಿ ಬಿಟ್ಟ ದಿನಕ್ಕೆ ಬಾಡಿಗೆ ಕೇಳುವುದಿಲ್ಲವಾ?

ಬೀಗದ ಗೊಂಚಲು
ಕೆಲವರು ಕೇಳುತ್ತಾರೆ. ಅದು ಮಾತಾಡಿ ಮುಗಿಸಬೇಕಾದದ್ದು.

ಟೈಗರ್ ಸರ್ಕಲ್
ನನ್ನ ಕೇಸ್ ಹೇಳುತ್ತೇನೆ. ಮಣಿಪಾಲದಲ್ಲಿ ಮನೆ ಹುಡುಕುವಾಗ ಆನ್‌ಲೈನ್‌ನಲ್ಲಿ ಒಂದು ಜಾಹೀರಾತು. ಚಂದದ ಫೋಟೋ, ಬಾಡಿಗೆ ಕಮ್ಮಿ. ಫೋನ್ ಮಾಡಿದರೆ "ನಾನು ಸೈನ್ಯದಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ" ಅಂತ ಹಿಂದಿಯಲ್ಲಿ ಮಾತು. ಮನೆ ನೋಡುವ ಟೈಮ್ ಬೇಕಾದರೆ ಗೇಟ್ ಪಾಸಿಗೆ 2,500 ರೂಪಾಯಿ ಕಳಿಸಿ, ಬಂದ ಮೇಲೆ ವಾಪಸ್ ಅಂದ. ನನಗೂ ರಜೆ ಇದ್ದದ್ದು ಒಂದೇ ದಿನ, ಟೈಮ್ ಸಿಕ್ಕಿತಲ್ಲ ಅಂತ ಕಳಿಸಿದೆ. ಆ ವಿಳಾಸದಲ್ಲಿ ಇದ್ದದ್ದು ಒಂದು ಫರ್ನಿಚರ್ ಗೋಡೌನ್. 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ದುಡ್ಡು ಇನ್ನೂ ಬಂದಿಲ್ಲ. ಟೈಮ್ ಇಲ್ಲದವರನ್ನೇ ಇವರು ಹಿಡಿಯುವುದು.

ಬಿಳಿ ಶೂ
ನನಗೂ ಒಬ್ಬರು ವಿಸಿಟಿಂಗ್ ಚಾರ್ಜ್ 500 ಅಂದರು. ಅದೂ ಇದೇನಾ?

ಬೀಗದ ಗೊಂಚಲು
ಎರಡೂ ಒಂದೇ ಅಲ್ಲ. ಮನೆ ನೋಡುವ ಮೊದಲು, ಮುಖವೇ ನೋಡದವನಿಗೆ ಫೋನಿನಲ್ಲಿ ಹಾಕುವ ದುಡ್ಡು, ಅದು ಪಕ್ಕಾ ಮೋಸ. ಆದರೆ ಊರಿನ ಕೆಲವು ಬ್ರೋಕರುಗಳು ಮನೆ ತೋರಿಸಿದ ಮೇಲೆ ಪೆಟ್ರೋಲಿಗೆ ಅಂತ ಕೇಳುವುದುಂಟು. ನಾನು ತೆಗೆದುಕೊಳ್ಳುವುದಿಲ್ಲ, ನನ್ನದು ಮನೆ ಆದರೆ ಒಂದು ತಿಂಗಳ ಬಾಡಿಗೆ ಕಮಿಷನ್, ಆಗದಿದ್ದರೆ ಚಹಾ.

ಟೈಗರ್ ಸರ್ಕಲ್
ಅಣ್ಣ, ತೋರಿಸಿದ ಮೇಲೆ ಕೇಳಿದರೂ ಅದು ತಪ್ಪೇ. ಕಮಿಷನ್ ಯಾಕೆ ಮತ್ತೆ?

ಬೀಗದ ಗೊಂಚಲು
ಎಂಟು ಮನೆ ನೋಡಿ ಕೊನೆಗೆ ಓನರ್ ಹತ್ತಿರ ನೇರ ಹೋಗುವವರೂ ಇದ್ದಾರೆ ಮಾರಾಯ. ಆ ವಾದ ಇವತ್ತು ಬೇಡ.

ಕೊಲ್ಲಿ ಓನರ್
ನಾನು ದುಬೈಯಲ್ಲಿದ್ದೇನೆ, ಬಿಜೈಯಲ್ಲಿ ಒಂದು ಫ್ಲ್ಯಾಟ್ ಉಂಟು. ನಮ್ಮ ಕಡೆಯದ್ದೂ ಕೇಳಿ. ಕೀ ನಮ್ಮ ಅತ್ತಿಗೆ ಹತ್ತಿರ. ಹಿಂದೆ ಒಬ್ಬ ಬ್ರೋಕರಿಗೆ ಕೀ ಕೊಟ್ಟಿದ್ದಕ್ಕೆ ಅವನು ಇನ್ನೊಂದು ಮಾಡಿಸಿಕೊಂಡು ನಾವು ಬಾಡಿಗೆಗೆ ಕೊಟ್ಟ ಮೇಲೂ ಇಟ್ಟುಕೊಂಡಿದ್ದ. ಅಂದಿನಿಂದ ಅತ್ತಿಗೆ ಜೊತೆಗೆ ಬಂದೇ ಬಾಗಿಲು ತೆಗೆಯುವುದು. ಅವರಿಗೆ ಮಗುವನ್ನು ಶಾಲೆಯಿಂದ ಕರೆತಂದ ಮೇಲೆ, ಅಂದರೆ ನಾಲ್ಕೂವರೆ ಮೇಲೆ ಮಾತ್ರ ಆಗುತ್ತದೆ. ಇದನ್ನು ಬ್ರೋಕರಿಗೆ ಹತ್ತು ಸಲ ಹೇಳಿದ್ದೇನೆ. ಆದರೂ ಊರಿನ 11 ಗಂಟೆಗೆ ನನಗೆ ಫೋನ್, "ಪಾರ್ಟಿ ಬಂದಿದ್ದಾರೆ, ಅತ್ತಿಗೆ ಎತ್ತುತ್ತಿಲ್ಲ" ಅಂತ. ಇಲ್ಲಿ ಆಗ ಒಂಬತ್ತೂವರೆ, ನಾನು ಸೈಟಿನಲ್ಲಿರುತ್ತೇನೆ. ನಾನೇನು ಮಾಡಲಿ?

ಹುಡುಕುವವರೂ ಸ್ವಲ್ಪ ಹೇಳಬೇಕು. ಎಷ್ಟು ಜನ, ಎಷ್ಟು ಬಾಡಿಗೆ, ಯಾವಾಗ ಬರುತ್ತೀರಿ ಅಂತ ಮೊದಲೇ ಹೇಳಿದರೆ ನಾನು ಅತ್ತಿಗೆಯನ್ನು ಸುಮ್ನೆ ಓಡಾಡಿಸಬೇಕಾಗಿಲ್ಲ.

ಬೀಗದ ಗೊಂಚಲು
ಓನರ್ ಹೇಳಿದ್ದು ಸರಿ. ಬ್ರೋಕರ್ ಯಾಕೆ ನಿಮಗೆ ಗಟ್ಟಿ ಟೈಮ್ ಕೊಡುವುದಿಲ್ಲ ಗೊತ್ತಾ? ನೀವು ನೋಡಿ ಬಿಟ್ಟು ಹೋಗುವವರೋ, ಹಿಡಿಯುವವರೋ ಅವನಿಗೆ ಗೊತ್ತಿಲ್ಲ. "ಮನೆ ಉಂಟಾ?" ಅಂತ ಒಂದೇ ಗೆರೆ ಕಳಿಸಿದವರಿಗೆ "ನೋಡೋಣ" ಅಂತ ಉತ್ತರ. ಎಲ್ಲವನ್ನೂ ಬರೆದವರಿಗೆ ನಾನೇ ಎದುರು ಫೋನ್ ಮಾಡುತ್ತೇನೆ.

ಇನ್ನೊಂದು ಗುಟ್ಟು. ಬ್ರೋಕರಿಗೆ ಮೊದಲನೇ ಸಲ ತೋರಿಸಲು ಬೇಜಾರಿಲ್ಲ. ಮೂರನೇ ಸಲ ತೋರಿಸಲು ಬೇಜಾರು. ಮೊದಲು ಮಗಳು, ಆಮೇಲೆ ಅಮ್ಮ, ಆಮೇಲೆ ವಾಸ್ತು ನೋಡುವ ಮಾವ. ಅಮ್ಮನೂ ನೋಡಲೇಬೇಕು ಅಂತಿದ್ದರೆ ಅದನ್ನು ಮೊದಲೇ ಹೇಳಿ. "ಮೊದಲು ನಾನು ನೋಡುತ್ತೇನೆ, ಇಷ್ಟವಾದದ್ದು ಒಂದನ್ನು ಮಾತ್ರ ಅಮ್ಮನಿಗೆ ತೋರಿಸುತ್ತೇನೆ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ.

ನಿಮ್ಮ ಈ ವಾರದ ರೋಸ್ಟರ್ ಇಲ್ಲಿ ಹಾಕಿ ನೋಡುವ.

ಬಿಳಿ ಶೂ
ಸೋಮ, ಮಂಗಳ, ಬುಧ ಬೆಳಗಿನ ಡ್ಯೂಟಿ. ಗುರುವಾರ ಆಫ್, ಆದರೆ ಅವತ್ತು ಕಾರ್ಕಳಕ್ಕೆ ಹೋಗಿ ಅಮ್ಮನ ಮದ್ದು ತರುವುದಿದೆ. ಶುಕ್ರ, ಶನಿ, ಭಾನು ನೈಟ್. 2 ಗಂಟೆಗೆ ಮುಗಿಯುತ್ತದೆ ಅಂತ ಹೆಸರಿಗೆ ಮಾತ್ರ. ಮುಂದಿನವರಿಗೆ ವಾರ್ಡ್ ಒಪ್ಪಿಸಿ ಬಟ್ಟೆ ಬದಲಿಸುವಾಗ 2.45.

ಬ್ರೋಕರ್ ಹತ್ತಿರ ನೀವು ಹೇಳಿದ ಹಾಗೆ ಕೀ ಕೇಳಿದೆ. ಈಗ ಮೂರು ಮನೆ ಉಂಟಂತೆ. ಬಿಕರ್ನಕಟ್ಟೆಯದ್ದು ಖಾಲಿ, ಕೀ ವಾಚ್‌ಮನ್ ಹತ್ತಿರ. ಅಲ್ಲಿಂದ ಸ್ವಲ್ಪ ಮುಂದಿನದ್ದರಲ್ಲಿ ಜನ ಇದ್ದಾರೆ, ತಿಂಗಳ ಕೊನೆಗೆ ಬಿಡುತ್ತಾರೆ, ಚಿಕ್ಕ ಮಗು ಉಂಟು. ಮೂರನೆಯದು ಕುಲಶೇಖರದಲ್ಲಿ, ಕೆಳಗೆ ಓನರ್, ರಿಟೈರ್ಡ್ ಮಾಷ್ಟ್ರು. ಬ್ರೋಕರ್ "ಮಂಗಳವಾರ ಮೂರುವರೆಗೆ ಎಲ್ಲಾ ಒಟ್ಟಿಗೆ ತೋರಿಸುತ್ತೇನೆ" ಅಂದರು. ಹೂಂ ಅನ್ನಲಾ?

ಬೀಗದ ಗೊಂಚಲು
ನಿಲ್ಲಿ. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ನಿಮಗೆ ನಂಬಿಕೆ ಇಲ್ಲದಿರಬಹುದು, ಮಾಷ್ಟ್ರಿಗೆ ಇದ್ದರೆ? ಮನೆ ತೋರಿಸುತ್ತಾರೆ, ಬಾಡಿಗೆ ಮಾತು ಎತ್ತುವುದಿಲ್ಲ. ಮತ್ತೆ ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. ನಿಮ್ಮ ಹತ್ತಿರ ಇಲ್ಲದ್ದೇ ಆ ಇನ್ನೊಂದು ದಿನ. ಬುಧವಾರದ ರಾಹುಕಾಲ 12ರಿಂದ 1.30, ನೀವು ಹೊರಡುವಷ್ಟರಲ್ಲಿ ಮುಗಿದಿರುತ್ತದೆ. ಬುಧವಾರ ಇಡಿ.

ಇನ್ನು ಯಾವ ಮನೆ ಮೊದಲು ಅಂತ. ನೀವು 2.45ಕ್ಕೆ ಹೊರಟರೆ ರಿಕ್ಷಾದಲ್ಲಿ ಪಂಪ್‌ವೆಲ್, ನಂತೂರು ದಾಟಿ ಬಿಕರ್ನಕಟ್ಟೆ ಮುಟ್ಟುವಾಗ 3.10 ಅಂತ ಇಟ್ಟುಕೊಳ್ಳಿ. ಮಳೆ ಜೋರಿದ್ದರೆ 3.20. ಆ ಹೊತ್ತಿಗೆ ಮಾಷ್ಟ್ರು ಮಲಗಿರುತ್ತಾರೆ, ಮಗುವೂ ಮಲಗಿರುತ್ತದೆ. ಎಚ್ಚರ ಇರುವವ ವಾಚ್‌ಮನ್ ಮಾತ್ರ. ಹಾಗಾಗಿ ಖಾಲಿ ಮನೆ ಮೊದಲು, 3.20ಕ್ಕೆ. ಜನ ಇರುವ ಮನೆ 4ಕ್ಕೆ. ಮಾಷ್ಟ್ರ ಮನೆ 4.40ಕ್ಕೆ, ಕೊನೆಯಲ್ಲಿ. ಯಾಕೆ ಅಂದರೆ ಕೆಳಗೆ ಓನರ್ ಇರುವ ಮನೆಯಲ್ಲಿ ನೋಡುವುದು ಹತ್ತು ನಿಮಿಷ, ಮಾತು ಅರ್ಧ ಗಂಟೆ. ಅದನ್ನು ಮೊದಲಿಗೆ ಇಟ್ಟರೆ ಉಳಿದೆರಡು ಹಾಳು. ಜುಲೈಯಲ್ಲಿ ಸೂರ್ಯ ಮುಳುಗುವಾಗ ಏಳಾಗುತ್ತದೆ, ಆದರೆ ಮೋಡ ಕವಿದರೆ ಐದೂವರೆಗೇ ಒಳಗೆ ಲೈಟ್ ಬೇಕು. ಅಷ್ಟರೊಳಗೆ ಮುಗಿಯುತ್ತದೆ.

ಬ್ರೋಕರಿಗೆ ಫೋನಿನಲ್ಲಿ ಹೇಳಬೇಡಿ, ಬರೆದು ಕಳಿಸಿ. ಅವನು ಅದನ್ನೇ ಓನರಿಗೆ ಫಾರ್ವರ್ಡ್ ಮಾಡುತ್ತಾನೆ. ಹೀಗೆ:

"ನಮಸ್ತೆ ಅಣ್ಣ. ಇರುವುದು ನಾನು ಮತ್ತು ಅಮ್ಮ. ಬಾಡಿಗೆ 15 ಸಾವಿರದೊಳಗೆ, ಅಡ್ವಾನ್ಸ್ 75 ಸಾವಿರದವರೆಗೆ. ಮನೆಯಲ್ಲಿ ಮೀನು ಮಾಡುತ್ತೇವೆ. ಸೋಣ ಶುರುವಾದ ಮೇಲೆ ಬರುತ್ತೇವೆ. ಬುಧವಾರ 3.20ರಿಂದ 5.30ರವರೆಗೆ ಬರಬಹುದು. 3.20ಕ್ಕೆ ಬಿಕರ್ನಕಟ್ಟೆ, 4ಕ್ಕೆ ಎರಡನೇ ಮನೆ, 4.40ಕ್ಕೆ ಕುಲಶೇಖರ ಆಗಬಹುದಾ? ಡ್ಯೂಟಿಯಲ್ಲಿ 8ರಿಂದ 2.30ರವರೆಗೆ ಫೋನ್ ಎತ್ತಲು ಆಗುವುದಿಲ್ಲ, ಮೆಸೇಜ್ ಹಾಕಿದರೆ ನೋಡುತ್ತೇನೆ. ಬುಧವಾರ ಆಗದಿದ್ದರೆ ಮುಂದಿನ ರೋಸ್ಟರ್ ಶನಿವಾರ ಕಳಿಸುತ್ತೇನೆ."

ಇಲ್ಲಿ ಮುಖ್ಯವಾದದ್ದು 5.30 ಅನ್ನುವುದು. ನಮ್ಮವರು ಬರುವ ಟೈಮ್ ಹೇಳುತ್ತಾರೆ, ಹೋಗುವ ಟೈಮ್ ಹೇಳುವುದಿಲ್ಲ. ಹೋಗುವ ಟೈಮ್ ಇಲ್ಲದವರನ್ನು ಎಷ್ಟು ಬೇಕಾದರೂ ಕಾಯಿಸಬಹುದು ಅಂತ ಬ್ರೋಕರಿಗೆ ಗೊತ್ತು.

ಮಂಗಳವಾರ ರಾತ್ರಿ ಎಂಟಕ್ಕೆ ಒಂದು ಮೆಸೇಜ್, "ನಾಳೆ ಪಕ್ಕಾ ಅಲ್ವಾ, ವಾಚ್‌ಮನ್ ಇರುತ್ತಾರಾ, ಫ್ಯೂಸ್ ಹಾಕಿಸಿದಿರಾ?" ಅಂತ. ಬುಧವಾರ ಆಸ್ಪತ್ರೆಯ ಗೇಟಿನಲ್ಲಿ ನಿಂತು ಫೋನ್ ಮಾಡಿ. "ಬನ್ನಿ ಬನ್ನಿ" ಅಂದರೆ ಹೊರಡಬೇಡಿ, "ನೀವು ಎಲ್ಲಿದ್ದೀರಿ ಅಣ್ಣ?" ಅಂತ ಕೇಳಿ. ಹಂಪನಕಟ್ಟೆಯಲ್ಲಿದ್ದೇನೆ ಅಂದರೆ ನಿಮಗೆ ಇನ್ನೊಂದು ಚಹಾ ಕುಡಿಯುವಷ್ಟು ಟೈಮ್ ಉಂಟು.

ಮೂರನೇ ಮಾಳಿಗೆ
ಎರಡನೇ ಮನೆಯವರ ಪರವಾಗಿ ನನ್ನದೊಂದು. ಅವರಿಗೆ ಒಂದು ದಿನ ಮೊದಲು ಹೇಳಲು ಬ್ರೋಕರಿಗೆ ಹೇಳಿ. ಒಳಗೆ ಬರುವ ಮೊದಲು 24 ಗಂಟೆ ಮುಂಚೆ ತಿಳಿಸಬೇಕು ಅಂತ ಕಾನೂನೇ ಉಂಟು.

ಕೊಲ್ಲಿ ಓನರ್
ಅದು ಎಲ್ಲಿಯ ಕಾನೂನು?

ಮೂರನೇ ಮಾಳಿಗೆ
2021ರಲ್ಲಿ ಕೇಂದ್ರ ಮಾಡಿದ ಮಾದರಿ ಬಾಡಿಗೆ ಕಾಯ್ದೆ.

ಕೊಲ್ಲಿ ಓನರ್
ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯಗಳು ನೋಡಿ ತಮ್ಮದು ಮಾಡಿಕೊಳ್ಳಲಿ ಅಂತ ಕೊಟ್ಟದ್ದು. ಅದನ್ನು ಹಿಡಿದು ನೇರವಾಗಿ ಯಾರನ್ನೂ ಕೇಳಲು ಆಗುವುದಿಲ್ಲ. ನಿಮ್ಮ 11 ತಿಂಗಳ ಅಗ್ರಿಮೆಂಟ್ ತೆಗೆದು ನೋಡಿ, ಮನೆ ತೋರಿಸುವ ಬಗ್ಗೆ ಏನು ಬರೆದಿದೆ ಅಂತ. ಅದೇ ನಿಮಗೆ ಆಧಾರ.

ಮೂರನೇ ಮಾಳಿಗೆ
ನೋಡಿದೆ. ಏನೂ ಬರೆದಿಲ್ಲ. ಸ್ಟಾಂಪ್ ಪೇಪರ್ ಅಂಗಡಿಯವನು ಎಲ್ಲರಿಗೂ ಕೊಡುವ ಅದೇ ಪ್ರಿಂಟು. ಕಾನೂನು ಬಿಡಿ, ಮನೆಯಲ್ಲಿ ಜನ ಇದ್ದಾರಲ್ಲ. ನಾನೀಗ ಬ್ರೋಕರಿಗೆ ಹೇಳಿದ್ದೇನೆ, ಮಂಗಳವಾರ, ಶುಕ್ರವಾರ ಸಂಜೆ 6ರಿಂದ 7, ಅಷ್ಟೇ. ಹೇಳಿದ ಮೇಲೆ ಅರ್ಧಕ್ಕರ್ಧ ಕಡಿಮೆಯಾಗಿದೆ. ಬಿಳಿ ಶೂ ಅವರೆ, ಆ ಮನೆಯವರ ಹತ್ತಿರ ನೀವೇ ಎರಡು ಮಾತಾಡಿ. ಮನೆಯ ಬಗ್ಗೆ ನಿಜ ಹೇಳುವವರು ಬಿಟ್ಟು ಹೋಗುವವರು ಮಾತ್ರ.

ಟೈಗರ್ ಸರ್ಕಲ್
ವಿಡಿಯೋ ಕಾಲ್‌ನಲ್ಲಿ ನೋಡಿದರೆ ಮುಗಿಯಿತಲ್ಲ? ಇಷ್ಟೆಲ್ಲ ಓಡಾಟ ಯಾಕೆ?

ಬೀಗದ ಗೊಂಚಲು
ಬೇಡದ ಮನೆ ತೆಗೆದುಹಾಕಲು ಅದು ಆದೀತು. ಹಿಡಿಯಲು ಆಗುವುದಿಲ್ಲ. ವಿಡಿಯೋ ಮಾಡುವವ ನಾನೇ, ಎಲ್ಲಿ ಕ್ಯಾಮೆರಾ ತಿರುಗಿಸಬಾರದು ಅಂತ ನನಗೆ ಗೊತ್ತು.

ಬಿಳಿ ಶೂ
(ಬುಧವಾರ ರಾತ್ರಿ)
ಬಂದೆ! ಮೂರೂ ನೋಡಿದೆ. ವರದಿ ಒಪ್ಪಿಸುತ್ತೇನೆ.

ಮಂಗಳವಾರ ರಾತ್ರಿ ಮೆಸೇಜ್ ಹಾಕಿದ್ದು ಒಳ್ಳೆಯದಾಯಿತು. ಬ್ರೋಕರಿಗೆ ಫ್ಯೂಸಿನ ವಿಷಯ ಮರೆತೇ ಹೋಗಿತ್ತು. ಬುಧವಾರ ಗೇಟಿನಿಂದ ಫೋನ್ ಮಾಡಿದಾಗ "ಇಗೋ ಬಂದೆ" ಅಂದರು. ಎಲ್ಲಿದ್ದೀರಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಊಟಕ್ಕೆ ಕೂತಿದ್ದೇನೆ" ಅಂದರು. ನಾನೂ ಕ್ಯಾಂಟೀನಿಗೆ ಹೋಗಿ ಬನ್ಸ್ ತಿಂದೆ. 3.35ಕ್ಕೆ ಇಬ್ಬರೂ ಬಿಕರ್ನಕಟ್ಟೆಯಲ್ಲಿ. ನನ್ನ ಮಟ್ಟಿಗೆ ಇದು ದಾಖಲೆ.

ಖಾಲಿ ಮನೆ ದೊಡ್ಡದು, ಬಾಡಿಗೆ 14. ಆದರೆ ಹಿಂದಿನ ರೂಮಿನ ಪಡುವಣ ಗೋಡೆಯಲ್ಲಿ ಕಿಟಕಿಯ ಕೆಳಗಿನಿಂದ ನೆಲದವರೆಗೆ ಪಸೆ. ಕೈ ಇಟ್ಟರೆ ಸುಣ್ಣ ಬಂತು. ಬ್ರೋಕರ್ "ಅಲ್ಲಿ ಕಪಾಟು ಇಡಬಹುದು ಅಕ್ಕ" ಅಂದರು.

ಎರಡನೆಯದಕ್ಕೆ 4.10ಕ್ಕೆ ಹೋದೆವು. ಮಗು ಎದ್ದು ಹಾಲು ಕುಡಿಯುತ್ತಿತ್ತು. ಆ ಅಕ್ಕ ತುಂಬಾ ಒಳ್ಳೆಯವರು. ಬ್ರೋಕರ್ ಬಾಲ್ಕನಿಗೆ ಹೋದಾಗ ಮೆಲ್ಲ ಹೇಳಿದರು, ಬೆಳಿಗ್ಗೆ ಆರೂವರೆಯಿಂದ ಏಳೂವರೆವರೆಗೆ ನೀರು ತೀರಾ ಸಣ್ಣಗೆ ಬರುತ್ತದೆ, ಎಲ್ಲಾ ಮಾಳಿಗೆಯವರೂ ಒಟ್ಟಿಗೆ ಬಿಡುವ ಹೊತ್ತು ಅದು ಅಂತ. ನನಗೆ ಬೆಳಗಿನ ಡ್ಯೂಟಿ ಇದ್ದರೆ ಅದೇ ನನ್ನ ಸ್ನಾನದ ಹೊತ್ತು. ಆದರೂ ಮನೆ ಇಷ್ಟವಾಯಿತು. ಗಾಳಿ ಬೆಳಕು ಚೆನ್ನಾಗಿದೆ, ಬಸ್ ಸ್ಟಾಪ್ ಹತ್ತಿರ.

ಮಾಷ್ಟ್ರ ಮನೆಯಲ್ಲಿ ನೋಡಿದ್ದು ಏಳು ನಿಮಿಷ. ಚಹಾ, ಅಂಬಡೆ, ಅವರ ಮಗಳ ಕೆಲಸ, ನನ್ನ ಅಜ್ಜಿಯ ಮನೆ ಎಲ್ಲಿ, ಎಲ್ಲಾ ಸೇರಿ 45 ನಿಮಿಷ. ಕೊನೆಗೆ ಇಟ್ಟದ್ದಕ್ಕೆ ಗೊಂಚಲಣ್ಣನಿಗೆ ಕೈ ಮುಗಿದೆ. ರಾತ್ರಿ ಒಂಬತ್ತೂವರೆಗೆ ಗೇಟಿಗೆ ಬೀಗ ಹಾಕುತ್ತಾರಂತೆ. 2ರಿಂದ 8ರ ಡ್ಯೂಟಿ ಮುಗಿಸಿ ಬರುವ ನನಗೆ ಅದು ಕಷ್ಟ. ಬೀಗದ ಇನ್ನೊಂದು ಕೀ ಕೊಡುತ್ತೀರಾ ಅಂತ ಕೇಳಿದೆ. ನಕ್ಕರು, ಉತ್ತರ ಕೊಡಲಿಲ್ಲ.

ಪಣಂಬೂರು ಗಾಳಿ
ಎರಡನೆಯದನ್ನೇ ಹಿಡಿಯಿರಿ. ನೀರಿಗೆ ಒಂದು ದೊಡ್ಡ ಡ್ರಮ್ ಇಟ್ಟರಾಯಿತು.

ಬೀಗದ ಗೊಂಚಲು
ಡ್ರಮ್ ತರುವ ಮೊದಲು ಆ ಹೊತ್ತಿಗೇ ಹೋಗಿ ನಲ್ಲಿ ತಿರುಗಿಸಿ ನೋಡಿ. ನಾಲ್ಕು ಗಂಟೆಗೆ ಎಲ್ಲಾ ಮನೆಯಲ್ಲೂ ನೀರು ಜೋರು. ಅಮ್ಮನಿಗೆ ತೋರಿಸುವ ಸಲ ಅದನ್ನೂ ಸೇರಿಸಿಬಿಡಿ, ಎರಡು ಸಲ ಹೋಗಬೇಡಿ.

ಬಿಳಿ ಶೂ
ಅದೇ ಈಗಿನ ತಲೆನೋವು. ಶನಿವಾರ ಬೆಳಿಗ್ಗೆ ನೈಟ್ ಮುಗಿಯುವುದು 8ಕ್ಕೆ. ಅಷ್ಟರಲ್ಲಿ ನೀರಿನ ಹೊತ್ತು ದಾಟಿರುತ್ತದೆ. ಅಮ್ಮ ಕಾರ್ಕಳದಿಂದ ಮೊದಲ ಬಸ್ಸಿಗೆ ಹೊರಟರೆ ಏಳರ ಒಳಗೆ ಬಿಕರ್ನಕಟ್ಟೆಗೆ ಬರಬಹುದು, ಆದರೆ ಅವರೊಬ್ಬರೇ ಬ್ರೋಕರ್ ಜೊತೆ ನೋಡಲು ಒಪ್ಪುವುದಿಲ್ಲ. ಸೋಮವಾರ ನನಗೆ ನೈಟ್ ಆಫ್ ಇರಬಹುದು, ರೋಸ್ಟರ್ ಬಂದ ಮೇಲೆ ಗೊತ್ತಾಗುತ್ತದೆ. ಆದರೆ ಬ್ರೋಕರ್ ಹೇಳುತ್ತಾರೆ, ಭಾನುವಾರ ಇನ್ನೊಂದು ಪಾರ್ಟಿ ನೋಡುವವರಿದ್ದಾರೆ ಅಂತ.

ಟೈಗರ್ ಸರ್ಕಲ್
ಆ ಇನ್ನೊಂದು ಪಾರ್ಟಿ ಎಲ್ಲಾ ಮನೆಗೂ ಇರುತ್ತಾರೆ 😀

ಬೀಗದ ಗೊಂಚಲು
ಕೆಲವು ಸಲ ನಿಜವಾಗಿಯೂ ಇರುತ್ತಾರೆ. ಆ ಮನೆಯ ಅಕ್ಕನ ನಂಬರ್ ತೆಗೆದುಕೊಂಡಿರಾ?

ಬಿಳಿ ಶೂ
ತೆಗೆದುಕೊಂಡೆ. ಈಗಷ್ಟೇ ಮೆಸೇಜ್ ಹಾಕಿದೆ. ಭಾನುವಾರ ಯಾರೂ ಬರುವ ಸುದ್ದಿ ಅವರಿಗೆ ಬಂದಿಲ್ಲವಂತೆ, ಆದರೆ ಓನರಿಗೆ ಬಂದಿರಬಹುದು ಅಂದರು. ಸೋಮವಾರ ಬೆಳಿಗ್ಗೆ ಏಳಕ್ಕೆ ಬಂದರೆ ಬಾಗಿಲು ತೆಗೆಯುತ್ತೇನೆ, ಮಗು ಆರಕ್ಕೇ ಏಳುತ್ತದೆ, ಸ್ನಾನದ ಮನೆಯ ನಲ್ಲಿ ನೀವೇ ತಿರುಗಿಸಿ ನೋಡಿ ಅಂತ ಹೇಳಿದ್ದಾರೆ. ಬ್ರೋಕರಿಗೂ ಹೇಳಿಯೇ ಹೋಗುತ್ತೇನೆ, ಅವರನ್ನು ದಾಟಿ ಹೋದ ಹಾಗೆ ಆಗಬಾರದು. ಭಾನುವಾರ ರಾತ್ರಿಯ ನೈಟ್ ಮುಗಿಯುವುದೂ ಸೋಮವಾರ 8ಕ್ಕೆ, ಅದಕ್ಕೆ ನಮ್ಮ ವಾರ್ಡಿನ ಹುಡುಗಿಯ ಹತ್ತಿರ ಡ್ಯೂಟಿ ಬದಲಿಸಿಕೊಳ್ಳುತ್ತೀಯಾ ಅಂತ ಕೇಳಿದ್ದೇನೆ. ಅವಳು ಇನ್ನೂ ಮೆಸೇಜ್ ನೋಡಿಲ್ಲ. ಡ್ಯೂಟಿಯಲ್ಲಿದ್ದಾಳೆ.